ಡ್ರಾಯಿಂಗ್ ಆರು ಸಲ ಬದಲಾಯ್ತು: ಕರಗಿದ ಕೂಲಿಯ ಲೆಕ್ಕ ಹಿಡಿದ ಅನುಭವ

ತುಮಕೂರಿನಿಂದ ಶಿರಾ ಕಡೆ ಹೋಗುವಾಗ ಸಿಗುವ ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಫ್ಯಾಕ್ಟರಿ ಶೆಡ್ ಏಳುತ್ತಿತ್ತು. ಅದರ ಒಳಗೆ ಕರೆಂಟ್ ಕೇಬಲ್‌ಗಳನ್ನು ಹೊರುವ ಕೇಬಲ್ ಟ್ರೇ ಹಾಕುವ ಲೇಬರ್ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಮೆಟೀರಿಯಲ್ಲು ಮೇನ್ ಕಾಂಟ್ರಾಕ್ಟರ್‌ದು. ಆಳು, ಜನರನ್ನು ಎತ್ತರಕ್ಕೆ ಏರಿಸುವ ಸಿಸರ್ ಲಿಫ್ಟ್, ಟೂಲ್ಸು ನಮ್ಮದು. ಒಟ್ಟು ಸುಮಾರು 4,800 ಮೀಟರ್ ಟ್ರೇ, ಹೆಚ್ಚಿನದೆಲ್ಲ 300 ಮಿ.ಮೀ. ಅಗಲದ್ದು, ನೆಲದಿಂದ ಏಳು ಮೀಟರ್ ಎತ್ತರದಲ್ಲಿ. ಮೀಟರಿಗೆ 240 ರೂಪಾಯಿ ರೇಟು. ಈ ಸಣ್ಣ ಕಂಪನಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುವವನು ನಾನು. ಕೆಲಸ ಮುಗಿದ ಮೇಲೆ, ಆದ ನಷ್ಟವನ್ನು ಮೇನ್ ಕಾಂಟ್ರಾಕ್ಟರ್ ಹತ್ತಿರ ಕೇಳುವ ಕ್ಲೇಮ್ ಬರೆಯುವ ಕೆಲಸವೂ ನನ್ನ ತಲೆ ಮೇಲೆಯೇ ಬಿತ್ತು.

ಕ್ಲೇಮ್ ಯಾಕೆ ಬೇಕಾಯ್ತು ಅಂದ್ರೆ, ಟ್ರೇ ಲೇಔಟ್ ಡ್ರಾಯಿಂಗು ಮೊದಲ ಪ್ರತಿ ಆರ್0 ಇಂದ ಆರನೇ ರಿವಿಜನ್ ಆರ್6 ತನಕ ಹೋಯ್ತು. ಏಸಿ ಡಕ್ಟಿನ ಡಿಸೈನ್ ತಡವಾಗಿ ಬಂತು, ಅದು ನಮ್ಮ ಟ್ರೇ ದಾರಿಗೆ ಅಡ್ಡ ಬಂತು. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಸ್ಪ್ರಿಂಕ್ಲರ್ ಪೈಪ್ ಸಿಕ್ಕಿಕೊಳ್ಳುತ್ತಿತ್ತು. ಹೀಗೇ ಆರು ಸಲ.

ಇದರಲ್ಲಿ ಒಂದು ಭಾಗದ ದುಡ್ಡು ನಮಗೆ ಬಂದಿತ್ತು. ಹಾಕಿದ ಟ್ರೇ ಬಿಚ್ಚಿ ಬೇರೆ ಕಡೆ ಹಾಕಿದ್ದನ್ನು ಎಕ್ಸ್‌ಟ್ರಾ ಐಟಂ ಅಂತ ಅಳತೆ ಮಾಡಿ ಬಿಲ್ಲಿನಲ್ಲಿ ಸೇರಿಸಿದ್ದರು. ಅದರ ಬಗ್ಗೆ ತಕರಾರಿಲ್ಲ. ತೊಂದರೆ ಇದ್ದದ್ದು ಬಿಚ್ಚದೇ ಇದ್ದ ಟ್ರೇಯಲ್ಲಿ. ಒಂದೇ ಸಲ ಹಾಕಿದ, ಆಮೇಲೆ ಯಾರೂ ಮುಟ್ಟದ ಟ್ರೇ. ಅದನ್ನು ಹಾಕುವುದಕ್ಕೇ ಎಷ್ಟೋ ಜಾಸ್ತಿ ಆಳು ಹಿಡಿದಿತ್ತು. ಅದು ಯಾವ ಅಳತೆ ಪುಸ್ತಕದಲ್ಲೂ ಕಾಣುವುದಿಲ್ಲ. ಮೀಟರು ಅಷ್ಟೇ, ರೇಟು ಅಷ್ಟೇ, ಕೈಯಿಂದ ಹೋದ ಕೂಲಿ ಮಾತ್ರ ಜಾಸ್ತಿ.

ಅದು ಹೇಗೆ ಜಾಸ್ತಿಯಾಗುತ್ತೆ ಅಂತ ಡೈಲಿ ರಿಪೋರ್ಟಿನ ಒಂದು ಹಾಳೆ ತೋರಿಸಿದರೆ ಅರ್ಥವಾಗುತ್ತೆ. ಆರ್3 ಬಂದ ದಿನದ್ದು. ಬೆಳಿಗ್ಗೆ ಎಂಟು ಜನ ಸಿ-4 ಗ್ರಿಡ್ಡಿನಲ್ಲಿ ಶುರು ಮಾಡಿದ್ದರು. ಲಿಫ್ಟ್ ಮೇಲೆ ಹೋಗಿ ಹನ್ನೆರಡು ಸಪೋರ್ಟ್ ಕ್ಲಾಂಪ್ ಬಿಗಿದಾಗಿತ್ತು. ಹನ್ನೊಂದು ಗಂಟೆಗೆ ಸೈಟ್ ಇಂಜಿನಿಯರ್ ಮೊಬೈಲಿನಲ್ಲಿ ಕೆಂಪು ಗೆರೆ ಹಾಕಿದ ಡ್ರಾಯಿಂಗ್ ತೋರಿಸಿ "ಇಲ್ಲಿ ಹೋಲ್ಡ್ ಮಾಡಿ, ಎಫ್-2ಗೆ ಹೋಗಿ" ಅಂದರು. ಲಿಫ್ಟ್ ಕೆಳಗಿಳಿಸಿ ಶೆಡ್ಡಿನ ಆ ತುದಿಗೆ ತಗೊಂಡು ಹೋಗಬೇಕು. ಮಧ್ಯದಲ್ಲಿ ಡಕ್ಟಿನವರ ತುಂಡುಗಳು ನೆಲದ ತುಂಬ ಬಿದ್ದಿವೆ. ಅವರನ್ನು ಕೇಳಿಕೊಂಡು ಸರಿಸಿ, ದಾರಿ ಮಾಡಿ, ಎಫ್-2 ಸೇರುವಷ್ಟರಲ್ಲಿ ಊಟದ ಹೊತ್ತು. ಮಧ್ಯಾಹ್ನ ಲೇಸರ್ ಇಟ್ಟು ಹೊಸದಾಗಿ ಮಾರ್ಕಿಂಗ್. ಇಲ್ಲಿ ಟ್ರೇ ಡಕ್ಟಿನ ಕೆಳಗೆ ಇಳಿಯಬೇಕು, ಆದರೆ ಟ್ರೇ ನೇತುಹಾಕಲು ಕತ್ತರಿಸಿಟ್ಟ ಥ್ರೆಡ್ ರಾಡೆಲ್ಲ 850 ಮಿ.ಮೀ., ಬೇಕಾಗಿರುವುದು 1,100. ಮತ್ತೆ ಕತ್ತರಿಸಬೇಕು. ಸಂಜೆ ಮೇಸ್ತ್ರಿ ಬರೆದ ಸಾಲು: "ಟ್ರೇ 11 ಮೀ., ಆಳು 8, ಸಿ-4 ಹೋಲ್ಡ್, ಡಕ್ಟ್ ಅಡ್ಡ." ಅದಕ್ಕೂ ಒಂದು ತಿಂಗಳ ಹಿಂದಿನ ಹಾಳೆಯಲ್ಲಿ ಅದೇ ಎಂಟು ಜನ 42 ಮೀಟರ್ ಹಾಕಿದ್ದರು. ಆ ದಿನ ಎಫ್-2ನಲ್ಲಿ ಹಾಕಿದ ಹನ್ನೊಂದು ಮೀಟರನ್ನು ಆಮೇಲೆ ಯಾರೂ ಬಿಚ್ಚಲಿಲ್ಲ. ಆದ್ದರಿಂದ ಎಕ್ಸ್‌ಟ್ರಾ ಐಟಮ್ಮಿಗೂ ಅದು ಬರಲಿಲ್ಲ.

ನಮ್ಮ ಓನರ್ ಮೊದಲು ಹೇಳಿದ ದಾರಿ ಸುಲಭದ್ದು. "ಟೆಂಡರ್ ಹಾಕುವಾಗ ಇಷ್ಟು ಆಳು ಅಂತ ಲೆಕ್ಕ ಮಾಡಿದ್ವಿ, ಬಿದ್ದದ್ದು ಇಷ್ಟು. ಮಿಕ್ಕಿದ್ದನ್ನ ಅವರು ಕೊಡ್ಲಿ. ಅಷ್ಟೇ ಅಲ್ವೇನಪ್ಪಾ?" ಅಂದರು. ಇದು ಎಲ್ಲರಿಗೂ ಹೊಳೆಯುವ ಲೆಕ್ಕ, ಆದರೆ ನಿಲ್ಲುವ ಲೆಕ್ಕ ಅಲ್ಲ. ಅದರೊಳಗೆ ನಾವು ಸುಮ್ನೆ ಊಹಿಸಿಕೊಂಡಿರುವ ಮೂರು ವಿಷಯ ಇರುತ್ತವೆ. ನಮ್ಮ ಟೆಂಡರ್ ಅಂದಾಜು ಸರಿಯಾಗಿಯೇ ಇತ್ತು. ನಮ್ಮ ಕಡೆಯಿಂದ ಒಂದು ಆಳೂ ವ್ಯರ್ಥ ಆಗಲಿಲ್ಲ. ಜಾಸ್ತಿ ಆದದ್ದಕ್ಕೆಲ್ಲ ಅವರೊಬ್ಬರೇ ಕಾರಣ. ಎದುರಿನವರು ಇದರಲ್ಲಿ ಯಾವುದಾದರೂ ಒಂದನ್ನು ಸುಳ್ಳು ಅಂತ ತೋರಿಸಿದರೆ ಇಡೀ ಲೆಕ್ಕ ಬೀಳುತ್ತೆ. ಕೆಲಸ ಹಿಡಿಯುವ ಆಸೆಯಲ್ಲಿ ಟೆಂಡರಿನಲ್ಲಿ ಆಳು ಕಮ್ಮಿ ತೋರಿಸುವುದು ನಮ್ಮ ಲೈನಿನಲ್ಲಿ ಹೊಸದೇನಲ್ಲ, ಅದು ಅವರಿಗೂ ಗೊತ್ತು.

ಇದಕ್ಕಿಂತ ಗಟ್ಟಿಯಾದ ದಾರಿ ಮೆಷರ್ಡ್ ಮೈಲ್. ಹೆಸರು ದೊಡ್ಡದು, ವಿಷಯ ಸರಳ. ಅಂದಾಜು ಪಕ್ಕಕ್ಕಿಡಿ. ಅದೇ ಸೈಟಿನಲ್ಲಿ, ಅದೇ ಜನ, ಅದೇ ಥರದ ಕೆಲಸವನ್ನು ಅಡ್ಡಿ ಇಲ್ಲದೆ ಮಾಡಿದ ಒಂದು ಅವಧಿ ಹುಡುಕಿ. ಆಗ ಒಂದು ಆಳಿಗೆ ಎಷ್ಟು ಕೆಲಸ ಬಿದ್ದಿತ್ತು ನೋಡಿ. ಅಡ್ಡಿ ಇದ್ದಾಗ ಎಷ್ಟು ಬಿತ್ತು ನೋಡಿ. ಎರಡರ ನಡುವಿನ ವ್ಯತ್ಯಾಸ ನಷ್ಟ. ನಮ್ಮ ಮೇಸ್ತ್ರಿಗೆ ಇದನ್ನು ಹೇಳಿದಾಗ ಅವರು ತಕ್ಷಣ ಹಿಡಿದುಕೊಂಡರು. "ತೆಂಗಿನ ಸಸಿಗೆ ಗುಂಡಿ ತೆಗೆದ ಹಾಗೆ ಸಾರ್. ದಾರ ಕಟ್ಟಿ ಬಿಟ್ರೆ ಒಬ್ಬ ದಿನಕ್ಕೆ ಎಷ್ಟು ತೆಗೀತಾನೆ ಅಂತ ಮೊದಲ ವಾರ ಗೊತ್ತಾಗುತ್ತೆ. ಆಮೇಲೆ ತೋಟದವನು ದಿನಾ ಬಂದು ದಾರ ಸರಿಸ್ತಾ ಇದ್ರೆ ಎಷ್ಟು ತೆಗೆದ ಅಂತಾನೂ ಗೊತ್ತಾಗುತ್ತೆ." ಗುಬ್ಬಿ ಕಡೆಯವರು, ತೋಟದ ಕೆಲಸ ಮಾಡಿ ಬಂದವರು.

ಇದು ನಾವು ಕಟ್ಟಿದ ವಿಧಾನವಲ್ಲ. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ ಪ್ರಕಟಿಸಿರುವ ಡಿಲೇ ಅಂಡ್ ಡಿಸ್ರಪ್ಷನ್ ಪ್ರೋಟೋಕಾಲ್ ಅಂತ ಒಂದಿದೆ, 2017ರಲ್ಲಿ ಎರಡನೇ ಆವೃತ್ತಿ ಬಂತು. ದಾಖಲೆ ಸಿಗುವ ಹಾಗಿದ್ದರೆ ಬೇರೆ ವಿಧಾನಗಳಿಗಿಂತ ಮೆಷರ್ಡ್ ಮೈಲ್ ಮೇಲು ಅಂತ ಅದು ಹೇಳುತ್ತೆ. ಅಮೆರಿಕದ ಎಎಸಿಇ ಸಂಸ್ಥೆಯ 25ಆರ್-03 ಅನ್ನುವ ಮಾರ್ಗಸೂಚಿಯೂ ಇದನ್ನೇ ಮುಂದಿಡುತ್ತೆ. ಇವು ನಮ್ಮಲ್ಲಿ ಕಾನೂನಲ್ಲ, ಆದರೆ ಎದುರಿನವರ ಕನ್ಸಲ್ಟೆಂಟ್ "ಇದಕ್ಕೇನು ಆಧಾರ?" ಅಂತ ಕೇಳಿದಾಗ ತೋರಿಸುವುದಕ್ಕೆ ಆಗುತ್ತವೆ.

ಲೆಕ್ಕಕ್ಕೆ ಬೇಕಾದದ್ದು ಎರಡೇ: ವಾರಕ್ಕೆ ಎಷ್ಟು ಮೀಟರ್, ಎಷ್ಟು ಆಳು. ಒಂದು ಆಳು ಅಂದ್ರೆ ಒಬ್ಬರ ಒಂದು ದಿನದ ಕೆಲಸ. ಮೀಟರಿಗೆ ನಾನು ಡೈಲಿ ರಿಪೋರ್ಟ್ ನಂಬಲಿಲ್ಲ. ಅದರಲ್ಲಿ ಸಪೋರ್ಟ್ ಹಾಕಿದ್ದನ್ನೂ ಒಮ್ಮೊಮ್ಮೆ ಟ್ರೇ ಅಂತ ಬರೆದಿರುತ್ತಾರೆ. ಎರಡೂ ಕಡೆಯವರು ಸಹಿ ಹಾಕಿದ ಜಾಯಿಂಟ್ ಮೆಷರ್‌ಮೆಂಟ್ ಶೀಟ್ ತಗೊಂಡೆ. ಯಾವ ವಾರ ಯಾವ ಗ್ರಿಡ್ ಆಯ್ತು ಅನ್ನುವುದಕ್ಕೆ ಮಾತ್ರ ಡೈಲಿ ರಿಪೋರ್ಟ್ ನೋಡಿದೆ. ಆಳಿನ ಲೆಕ್ಕಕ್ಕೆ ನಮ್ಮ ಹಾಜರಿ ಪುಸ್ತಕ, ಮಸ್ಟರ್ ರೋಲ್. ಅದು ನಾವೇ ಬರೆದುಕೊಂಡದ್ದು ಅಂತ ಅವರು ಹೇಳಬಹುದಲ್ವಾ, ಅದಕ್ಕೆ ಫ್ಯಾಕ್ಟರಿ ಗೇಟಿನ ಎಂಟ್ರಿ ರಿಜಿಸ್ಟರಿನ ಜೊತೆ ತಾಳೆ ನೋಡಿದೆ. ಸೆಕ್ಯುರಿಟಿಯವರು ಬರೆದ ಹಾಳೆ ನಮ್ಮ ಹಿಡಿತದಲ್ಲೂ ಇಲ್ಲ, ಮೇನ್ ಕಾಂಟ್ರಾಕ್ಟರ್ ಹಿಡಿತದಲ್ಲೂ ಇಲ್ಲ. ಕೊನೆಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಅದೇ.

ಮುಂದಿನ ಹೆಜ್ಜೆ ಒಳ್ಳೆ ಅವಧಿ ಆರಿಸುವುದು. ಇಲ್ಲಿ ಕೈ ಚಳಕ ತೋರಿಸುವ ಆಸೆ ಬರುತ್ತೆ. ಎಲ್ಲಕ್ಕಿಂತ ಚೆನ್ನಾಗಿ ನಡೆದ ಒಂದು ವಾರ ಹೆಕ್ಕಿ ಅದನ್ನೇ ಅಳತೆಗೋಲು ಮಾಡಿದರೆ ನಷ್ಟ ದೊಡ್ಡದಾಗಿ ಕಾಣುತ್ತೆ. ಆದರೆ ಅದು ನಮ್ಮ ಜನ ನಿಜವಾಗಿ ತಿಂಗಳುಗಟ್ಟಲೆ ಹಿಡಿದು ನಿಲ್ಲಬಲ್ಲ ವೇಗ ಅಲ್ಲ. ಹಾಗಾಗಿ ಬಿಡದೆ ನಡೆದ ಅವಧಿಯೇ ಬೇಕು. ಮೊದಲ ಎರಡು ವಾರ ಬಿಟ್ಟೆ, ಯಾಕಂದ್ರೆ ಲಿಫ್ಟ್ ಬಂದದ್ದೇ ಎರಡನೇ ವಾರ, ಜನಕ್ಕೆ ಶೆಡ್ಡಿನ ಪರಿಚಯವೂ ಆಗಬೇಕಿತ್ತು. ಮೂರನೇ ವಾರದಿಂದ ಏಳನೇ ವಾರದ ತನಕ ಆರ್0 ಡ್ರಾಯಿಂಗ್ ಮೇಲೆಯೇ ಕೆಲಸ ನಡೆದಿತ್ತು. ಒಂದು ಆಳಿಗೆ ಬಿದ್ದ ಮೀಟರ್ ವಾರವಾರಕ್ಕೆ 4.9, 5.3, 5.0, 5.5, 5.3. ಒಟ್ಟು 1,560 ಮೀಟರ್, 300 ಆಳು. ಅಂದ್ರೆ ಆಳಿಗೆ 5.2 ಮೀಟರ್. ವಾರಗಳ ನಡುವೆ ದೊಡ್ಡ ಏರಿಳಿತ ಇಲ್ಲ ಅನ್ನುವುದೇ ಆ ಅವಧಿ ನಂಬಬಹುದಾದದ್ದು ಅನ್ನುವುದಕ್ಕೆ ಗುರುತು.

ಎಂಟನೇ ವಾರ ಆರ್1 ಬಂತು. ಅಲ್ಲಿಂದ ಹದಿನೆಂಟನೇ ವಾರದ ತನಕ ಹನ್ನೊಂದು ವಾರ 2,310 ಮೀಟರ್ ಹಾಕಿದ್ದೆವು, ಬಿದ್ದದ್ದು 960 ಆಳು. ಭಾಗಿಸಿದರೆ ಆಳಿಗೆ 2.4 ಮೀಟರ್. ಓನರಿಗೆ ಈ ಅಂಕಿ ತುಂಬ ಇಷ್ಟವಾಯ್ತು. ಹಾಗೇ ಕಳಿಸಿಬಿಡು ಅಂದರು. ಆದರೆ ಈ 960ರಲ್ಲಿ ಎಲ್ಲವೂ ಅವರ ಖಾತೆಗೆ ಬರುವುದಿಲ್ಲ.

ಮೊದಲು ಟ್ರೇ ಬಿಚ್ಚಿ ಮತ್ತೆ ಹಾಕಿದ ಕೆಲಸದ 120 ಆಳು ತೆಗೆಯಬೇಕು. ಅದಕ್ಕೆ ಎಕ್ಸ್‌ಟ್ರಾ ಐಟಂನಲ್ಲಿ ದುಡ್ಡು ಬಂದಾಗಿದೆ, ಒಂದೇ ಆಳಿಗೆ ಎರಡು ಸಲ ಕೇಳುವ ಹಾಗಿಲ್ಲ. ಆಮೇಲೆ ನಮ್ಮದೇ ಕಾರಣದ 90. ಸಿಸರ್ ಲಿಫ್ಟಿನ ಬ್ಯಾಟರಿ ಕೈ ಕೊಟ್ಟು ಜನ ಕೂತಿದ್ದು 52, ಲೆವೆಲ್ ಸರಿ ಬರದೆ ನಾವೇ ಮತ್ತೆ ಮಾಡಿದ್ದು 38. ಇವನ್ನು ನಾವೇ ಮುಂಚೆ ತೆಗೆದು ತೋರಿಸಿದರೆ ಉಳಿದ ಅಂಕಿಗೆ ಬೆಲೆ ಬರುತ್ತೆ. ಅವರು ಹುಡುಕಿ ತೆಗೆಯಲಿ ಅಂತ ಬಿಟ್ಟರೆ ಎಲ್ಲದರ ಮೇಲೂ ಅನುಮಾನ ಶುರುವಾಗುತ್ತೆ.

ಉಳಿದದ್ದು 750 ಆಳು. 2,310 ಮೀಟರಿಗೆ 750 ಆಳು ಅಂದ್ರೆ ಆಳಿಗೆ 3.08 ಮೀಟರ್. ಅದೇ 2,310 ಮೀಟರನ್ನು 5.2ರ ವೇಗದಲ್ಲಿ ಹಾಕಿದ್ದರೆ 444 ಆಳು ಸಾಕಿತ್ತು. ವ್ಯತ್ಯಾಸ 306 ಆಳು. ವೇತನ ಪಟ್ಟಿಯಿಂದ ಪಿಎಫ್, ಇಎಸ್‌ಐ ಎಲ್ಲ ಸೇರಿ ಒಂದು ಆಳಿಗೆ ಸರಾಸರಿ 950 ರೂಪಾಯಿ ಬಿದ್ದಿತ್ತು. ಹೀಗೆ ನಾವು ಕೇಳಿದ್ದು 2,90,700 ರೂಪಾಯಿ. ಇಲ್ಲಿ ಟೆಂಡರ್ ರೇಟು ಎಲ್ಲೂ ಬರಲಿಲ್ಲ ನೋಡಿ. ನಾವು ಎಷ್ಟು ಅಂದಾಜು ಮಾಡಿದ್ದೆವು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಲಿಫ್ಟನ್ನು ಜಾಸ್ತಿ ತಿಂಗಳು ಇಟ್ಟುಕೊಂಡ ಬಾಡಿಗೆಯನ್ನು ಇದರಲ್ಲಿ ಸೇರಿಸಲಿಲ್ಲ. ಅದು ಕೆಲಸ ತಡವಾದದ್ದಕ್ಕೆ ಸಂಬಂಧಿಸಿದ ಖರ್ಚು, ಕೆಲಸದ ವೇಗ ಇಳಿದದ್ದಕ್ಕಲ್ಲ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ.

ಇಷ್ಟಕ್ಕೇ ಕ್ಲೇಮ್ ನಿಲ್ಲುವುದಿಲ್ಲ. ವೇಗ ಇಳಿಯಿತು ಅಂತ ಅಂಕಿ ತೋರಿಸುತ್ತೆ, ಯಾಕೆ ಇಳಿಯಿತು ಅಂತ ತೋರಿಸುವುದಿಲ್ಲ. ಅದಕ್ಕೆ ಒಂದು ದೊಡ್ಡ ಹಾಳೆಯಲ್ಲಿ ವಾರಗಳನ್ನು ಉದ್ದಕ್ಕೆ ಬರೆದು, ಪ್ರತಿ ವಾರದ ವೇಗವನ್ನು ಚುಕ್ಕಿ ಇಟ್ಟು, ಮೇಲ್ಗಡೆ ಆರ್1, ಆರ್2 ಬಂದ ತಾರೀಕು ಗುರುತು ಮಾಡಿದೆ. ಪ್ರತಿ ರಿವಿಜನ್ ಬಂದ ಮೇಲೆ ಚುಕ್ಕಿ ಕೆಳಗೆ ಬೀಳುತ್ತಿತ್ತು. ಸ್ವಲ್ಪ ಮೇಲೇಳುವಷ್ಟರಲ್ಲಿ ಮುಂದಿನದು ಬರುತ್ತಿತ್ತು. ಪ್ರತಿ ಗುರುತಿನ ಕೆಳಗೂ ಆ ವಾರದ ಹೋಲ್ಡ್ ಮೇಲ್, ವಿವರ ಕೇಳಿ ಬರೆದೂ ಉತ್ತರ ಬಾರದ ಆರ್‌ಎಫ್‌ಐ, ಜನ ಯಾವ ಗ್ರಿಡ್ಡಿನಿಂದ ಯಾವುದಕ್ಕೆ ಹೋದರು ಅನ್ನುವುದರ ನಂಬರ್ ಹಾಕಿದೆ. ಆರ್6 ಬಂದು ಡ್ರಾಯಿಂಗ್ ಫ್ರೀಜ್ ಆದ ಮೇಲಿನ ಕೊನೆಯ ಮೂರು ವಾರ ನಮ್ಮ ಕೈ ಹಿಡಿದವು. ಆಗ 150 ಆಳಿನಲ್ಲಿ 740 ಮೀಟರ್ ಬಿತ್ತು, ಆಳಿಗೆ 4.9. ಅದೇ ಜನ, ಅದೇ ಲಿಫ್ಟ್. ಬದಲಾವಣೆ ನಿಂತ ಕೂಡಲೇ ವೇಗ ಹಿಂದಿನ ಜಾಗಕ್ಕೆ ಬಂತು. ನಮ್ಮ ಜನಕ್ಕೆ ಕೆಲಸ ಬರುವುದಿಲ್ಲ ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ.

ಮೀಟಿಂಗಿನಲ್ಲಿ ಮೇನ್ ಕಾಂಟ್ರಾಕ್ಟರ್ ಕಡೆ ಅಳತೆ, ಬಿಲ್ಲು ನೋಡಿಕೊಳ್ಳುವ ಕ್ಯೂಎಸ್ ನಮ್ಮ ಹಾಳೆಗಳನ್ನು ನಿಧಾನವಾಗಿ ನೋಡಿದರು. ಜೋರು ಮಾಡುವ ಮನುಷ್ಯ ಅಲ್ಲ, ಆದರೆ ಕೇಳಿದ ಮೂರು ಪ್ರಶ್ನೆಯೂ ಚುರುಕಾಗಿದ್ದವು.

ಮೊದಲನೆಯದು ಜನ ಜಾಸ್ತಿ ಆದದ್ದರ ಬಗ್ಗೆ. "ಮೊದಲು ಹತ್ತು ಜನ ಇದ್ರಿ, ಆಮೇಲೆ ಹದಿನಾಲ್ಕು ಹದಿನೈದು ಮಾಡಿದ್ರಿ. ಒಂದೇ ಜಾಗಕ್ಕೆ ಜನ ತುಂಬಿದ್ರೆ ವೇಗ ಇಳಿಯೋದು ಸಹಜ ಅಲ್ವಾ ಸರ್?" ಅಂದರು. ಮಾತು ನಿಜ. ಇಕ್ಕಟ್ಟಾದರೆ ಒಬ್ಬರ ಕೈಗೆ ಒಬ್ಬರು ಸಿಗುತ್ತಾರೆ. ಆದರೆ ಜನ ಜಾಸ್ತಿ ಮಾಡಿ ಅಂತ ಕೇಳಿದ್ದು ಅವರೇ, ಹತ್ತನೇ ವಾರದ ಮೇಲ್ ಫೈಲಿನಲ್ಲಿತ್ತು. ರಿವಿಜನ್‌ನಿಂದ ಹಿಂದೆ ಬಿದ್ದದ್ದನ್ನು ಹಿಡಿಯಲು ಜನ ಸೇರಿಸಿ ಅಂತ ಅದರಲ್ಲೇ ಬರೆದಿದ್ದರು. ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ನಾವಾಗಿಯೇ ಜನ ತುಂಬಿದ್ದರೆ ಆ ಪಾಲು ನಮ್ಮ ತಲೆಗೇ ಬರುತ್ತಿತ್ತು.

ಎರಡನೆಯದು ಅಳತೆಗೋಲಿನ ಬಗ್ಗೆ. ಮೊದಲಿನ ಐದು ವಾರ ಮಾತ್ರ ಯಾಕೆ, ಕೊನೆಯ ಮೂರು ವಾರವೂ ಅಡ್ಡಿ ಇಲ್ಲದ್ದೇ ಅಂತ ನೀವೇ ಹೇಳ್ತಿದ್ದೀರಲ್ಲ, ಎರಡನ್ನೂ ಸೇರಿಸಿ ಅಂದರು. ನ್ಯಾಯದ ಮಾತು. 1,560 ಮತ್ತು 740 ಸೇರಿ 2,300 ಮೀಟರ್, 450 ಆಳು. ಆಳಿಗೆ 5.1. ಒಪ್ಪಿಕೊಂಡೆ.

ಮೂರನೆಯದು ನಿಜಕ್ಕೂ ಕಷ್ಟದ್ದು. ಆ ಹನ್ನೊಂದು ವಾರದ 2,310 ಮೀಟರಿನಲ್ಲಿ 350 ಮೀಟರ್ ಯುಟಿಲಿಟಿ ಕಾರಿಡಾರಿನಲ್ಲಿತ್ತು. ಅದು ಕಿರಿದಾದ ಜಾಗ, ಮೇಲೆ ಪೈಪು, ಪಕ್ಕದಲ್ಲಿ ಡಕ್ಟು, ಲಿಫ್ಟ್ ಒಳಗೆ ಹೋಗುವುದಿಲ್ಲ, ಸ್ಕ್ಯಾಫೋಲ್ಡಿಂಗ್ ಕಟ್ಟಿಯೇ ಮಾಡಬೇಕು. ನಮ್ಮ ಒಳ್ಳೆ ಅವಧಿಯ ಕೆಲಸವೆಲ್ಲ ತೆರೆದ ಶೆಡ್ಡಿನಲ್ಲಿ ಆದದ್ದು. ಡ್ರಾಯಿಂಗ್ ಒಂದು ಸಲವೂ ಬದಲಾಗದಿದ್ದರೂ ಕಾರಿಡಾರಿನಲ್ಲಿ ಆಳಿಗೆ 5 ಮೀಟರ್ ಬೀಳುತ್ತಿರಲಿಲ್ಲ. ಹೋಲಿಕೆ ಮಾಡುವ ಎರಡು ಕೆಲಸ ಒಂದೇ ಥರ ಇರಬೇಕು ಅನ್ನುವುದೇ ಈ ವಿಧಾನದ ಬುನಾದಿ. ಹೆಸರಿಗೆ ಎರಡೂ ಟ್ರೇ, ಎರಡೂ 300 ಮಿ.ಮೀ., ಆದರೆ ಕೆಲಸ ಬೇರೆ. ಓನರ್ ಪಕ್ಕದಲ್ಲಿ ಕೂತು ನನ್ನ ಕಡೆ ಕಣ್ಣು ಬಿಡುತ್ತಿದ್ದರು. ಆದರೂ ಆ 350 ಮೀಟರ್ ಮತ್ತು ಅದಕ್ಕೆ ಬಿದ್ದ 190 ಆಳನ್ನು ಲೆಕ್ಕದಿಂದ ಹೊರಗಿಡಲು ಒಪ್ಪಿದೆ. ಒಂದು ತಪ್ಪು ಹೋಲಿಕೆ ಉಳಿಸಿಕೊಳ್ಳಲು ಹೋಗಿ ಸರಿಯಾದದ್ದನ್ನೂ ಕಳಕೊಳ್ಳುವುದು ಬೇಡ ಅನ್ನಿಸಿತು.

ಅಲ್ಲೇ ಕೂತು ಮತ್ತೆ ಲೆಕ್ಕ ಹಾಕಿದೆವು. ತೆರೆದ ಶೆಡ್ಡಿನ 1,960 ಮೀಟರಿಗೆ ಬಿದ್ದದ್ದು 560 ಆಳು, ಅಂದ್ರೆ ಆಳಿಗೆ 3.5 ಮೀಟರ್. 5.1ರ ವೇಗದಲ್ಲಿ 384 ಆಳು ಸಾಕಿತ್ತು. ಜಾಸ್ತಿ ಬಿದ್ದದ್ದು 176. ಆಳಿಗೆ 950ರಂತೆ 1,67,200 ರೂಪಾಯಿ. ಮೊದಲು ಕೇಳಿದ್ದಕ್ಕಿಂತ ಒಂದು ಲಕ್ಷಕ್ಕೂ ಮೇಲೆ ಕಮ್ಮಿ. ಆದರೆ ಈ ಅಂಕಿಯಲ್ಲಿ ಅವರಿಗೆ ಕೀಳಲು ಏನೂ ಉಳಿದಿರಲಿಲ್ಲ.

ಇಷ್ಟಾದ ಮೇಲೂ ಅವರು ನೋಟಿಸಿನ ಬಾಗಿಲು ತಟ್ಟಿ ನೋಡಿದರು. ವರ್ಕ್ ಆರ್ಡರಿನಲ್ಲಿ, ಯಾವುದೇ ಕ್ಲೇಮ್ ಇದ್ದರೆ ಕಾರಣ ಗೊತ್ತಾದ 14 ದಿನದೊಳಗೆ ಬರೆದು ತಿಳಿಸಬೇಕು ಅಂತ ಇತ್ತು. ಪ್ರತಿ ರಿವಿಜನ್ ಬಂದಾಗಲೂ ನಾವು ಎರಡು ಸಾಲಿನ ಮೇಲ್ ಹಾಕಿದ್ದೆವು: ಈ ಡ್ರಾಯಿಂಗಿನಿಂದ ಇಂಥ ಗ್ರಿಡ್ಡಿನಲ್ಲಿ ಕೆಲಸ ನಿಂತಿದೆ, ಕೆಲಸದ ವೇಗಕ್ಕೆ ಪೆಟ್ಟು ಬೀಳುತ್ತೆ, ಅದರ ಖರ್ಚು ಕೇಳುವ ಹಕ್ಕು ಇಟ್ಟುಕೊಂಡಿದ್ದೇವೆ ಅಂತ. ಆಗ ಮೊತ್ತ ಗೊತ್ತಿರಬೇಕು ಅಂತೇನಿಲ್ಲ, ಗೊತ್ತಿರುವುದೂ ಇಲ್ಲ. 1872ರ ಕಾಂಟ್ರಾಕ್ಟ್ ಆಕ್ಟಿನ 55ನೇ ಸೆಕ್ಷನ್ ಕೂಡ ಹೀಗೇ ಯೋಚಿಸುತ್ತೆ. ಎದುರಿನವರು ಹೊತ್ತಿಗೆ ಸರಿಯಾಗಿ ಮಾಡಬೇಕಾದದ್ದನ್ನು ತಡವಾಗಿ ಮಾಡಿದಾಗ, ಪರಿಹಾರ ಕೇಳುತ್ತೇನೆ ಅಂತ ಆಗಲೇ ತಿಳಿಸದೆ ಒಪ್ಪಿಕೊಂಡರೆ, ಆಮೇಲೆ ಕೇಳುವುದು ಕಷ್ಟ.

ಎರಡು ಕಂಪನಿಯ ಓನರುಗಳು ಫೋನಿನಲ್ಲಿ ಮಾತಾಡಿ ಕೊನೆಗೆ ಒಂದೂವರೆ ಲಕ್ಷಕ್ಕೆ ನಿಲ್ಲಿಸಿದರು. ಫೈನಲ್ ಬಿಲ್ಲಿನ ಜೊತೆ ಒಂದು ಪತ್ರ ಬಂತು, ಫುಲ್ ಅಂಡ್ ಫೈನಲ್, ಇನ್ನು ಯಾವ ಬಾಕಿಯೂ ಇಲ್ಲ, ಸಹಿ ಮಾಡಿ ಅಂತ. ಲಿಫ್ಟ್ ಬಾಡಿಗೆಯ ಕ್ಲೇಮ್ ಇನ್ನೂ ಬಾಕಿ ಇತ್ತು. ಹಾಗಾಗಿ ಆ ಸಾಲು ಬದಲಾಯಿಸದೆ ಸಹಿ ಹಾಕುವುದಿಲ್ಲ ಅಂತ ಕೂತೆವು. ಟ್ರೇ ಕೆಲಸದ ವೇಗ ಇಳಿದ ನಷ್ಟದ ಮಟ್ಟಿಗೆ ಮಾತ್ರ ಫೈನಲ್ ಅಂತ ತಿದ್ದಿ ಕಳಿಸಿದರು, ಸಹಿ ಹಾಕಿದೆವು. ಕಾರಿಡಾರಿನ 190 ಆಳನ್ನು ನಮ್ಮ ಹಳೆಯ ಸೈಟೊಂದರ ಇದೇ ಥರದ ಕೆಲಸದ ಜೊತೆ ಹೋಲಿಸಿ ಕೇಳೋಣವಾ ಅಂತ ಓನರ್ ಇನ್ನೊಮ್ಮೆ ಕೇಳಿದ್ದರು. ಆ ಸೈಟಿನ ಮೆಷರ್‌ಮೆಂಟ್ ಶೀಟುಗಳಲ್ಲಿ ವಾರದ ಲೆಕ್ಕವೇ ಇರಲಿಲ್ಲ, ಬರೀ ತಿಂಗಳ ಬಿಲ್ಲು. ಅದನ್ನು ಅಲ್ಲಿಗೇ ಬಿಟ್ಟೆವು.